ಫ್ಲ್ಯಾಶ್ ಫೋಟೋದಲ್ಲಿ ಕೆಂಪು ಕಣ್ಣು: ಅನುಭವ ಇದ್ದವರು ಹೇಳಿ

ಕೇಳಿದವರು, ನಿಟ್ಟುವಳ್ಳಿ, ದಾವಣಗೆರೆ: ರಾತ್ರಿ ಮನೆಯೊಳಗೆ ತಂಗಿಯ ಸೀಮಂತದ ಫೋಟೋಗಳನ್ನು ಕ್ಯಾಮೆರಾದ ಫ್ಲ್ಯಾಶ್ ಹಾಕಿ ತೆಗೆದೆ. ಅವಳ ಕಣ್ಣು ಕೆಂಪು, ಪಕ್ಕದಲ್ಲಿ ಕೂತ ನಾಯಿಯ ಕಣ್ಣು ಹಸಿರು. ಸರಿಮಾಡೋದು ಹೇಗೆ? ಮುಂದಿನ ಸಲ ಬರದ ಹಾಗೆ ಏನು ಮಾಡಲಿ?

ವಿದ್ಯಾನಗರದವರು: ಫ್ಲ್ಯಾಶ್ ಆಯ್ಕೆಗಳಲ್ಲಿ ಕಣ್ಣಿನ ಗುರುತು ಇರುತ್ತದೆ ನೋಡಿ. ಅದನ್ನು ಹಾಕಿದರೆ ಕೆಂಪು ಬರೋದೇ ಇಲ್ಲ.

ಮದುವೆ ಫೋಟೋ ತೆಗೆಯುವವರು, ಹರಿಹರ: ಕಡಿಮೆ ಆಗುತ್ತದೆ ಸರ್, ಪೂರ್ತಿ ಹೋಗಲ್ಲ. ಪಾಪೆ ಕುಗ್ಗಲಿ ಅಂತ ಅದು ಮೊದಲೇ ಒಂದು ಬೆಳಕು ಬಿಡುತ್ತದೆ. ಜನ ಫೋಟೋ ಆಯ್ತು ಅಂದುಕೊಂಡು ಮುಖ ತಿರುಗಿಸಿಬಿಡುತ್ತಾರೆ.

ಕತ್ತಲಲ್ಲಿ ಪಾಪೆ ಅಗಲವಾಗಿರುತ್ತದೆ. ಫ್ಲ್ಯಾಶ್ ಲೆನ್ಸ್ ಪಕ್ಕದಲ್ಲೇ ಇದ್ದರೆ ಬೆಳಕು ಕಣ್ಣಿನ ಹಿಂಬದಿಯ ರಕ್ತನಾಳಗಳಿಗೆ ಬಡಿದು ನೇರ ಲೆನ್ಸ್‌ಗೇ ವಾಪಸ್ ಬರುತ್ತದೆ. ಅದಕ್ಕೇ ಮನೆಯ ಲೈಟ್‌ಗಳನ್ನೆಲ್ಲ ಹಾಕಿ. ಬೇರೆ ಫ್ಲ್ಯಾಶ್ ಸಿಕ್ಕರೆ ಅದರ ತಲೆಯನ್ನು ಬಿಳಿ ಛಾವಣಿಯ ಕಡೆ ತಿರುಗಿಸಿ.

ಈಗಿರುವ ಫೋಟೋವನ್ನು `GIMP`ನಲ್ಲಿ ತೆರೆಯಿರಿ. `Ellipse Select`ನಿಂದ ಪಾಪೆ ಮಾತ್ರ ಆಯ್ಕೆ ಮಾಡಿ, `Shift` ಒತ್ತಿಕೊಂಡು ಇನ್ನೊಂದನ್ನೂ ಸೇರಿಸಿ. ಇದನ್ನು ಬಿಟ್ಟರೆ ತಂಗಿಯ ಕುಂಕುಮ, ತುಟಿ, ಕೆಂಪು ಸೀರೆ ಎಲ್ಲ ಬಣ್ಣ ಕಳೆದುಕೊಳ್ಳುತ್ತವೆ. ಆಮೇಲೆ `Filters > Enhance > Red Eye Removal`. `Threshold` ನಿಧಾನವಾಗಿ ಸರಿಸಿ, ಕೆಂಪು ಹೋದ ಕಡೆ ನಿಲ್ಲಿಸಿ.

ನಾಯಿಗೆ ಇದು ನಡೆಯಲ್ಲ, ಅದು ಕೆಂಪನ್ನಷ್ಟೇ ಹುಡುಕುತ್ತದೆ. ನಾಯಿ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ, ಹಸಿರು ಹೊಳಪು ಅದರದ್ದೇ. `Select > None` ಕೊಟ್ಟು ಹಳೇ ಆಯ್ಕೆ ಬಿಡಿಸಿ, ಹೊಸ ಲೇಯರ್ ತೆರೆದು, ಅಂಚು ಮೆತ್ತಗಿರೋ ಬ್ರಷ್‌ನಲ್ಲಿ ಪಾಪೆಗೆ ಕಡುಬೂದು ಬಣ್ಣ ಹಚ್ಚಿ. ಲೇಯರಿನ `Opacity` 80ರ ಆಸುಪಾಸು ಇರಲಿ. ಕಣ್ಣಲ್ಲಿ ಮಿನುಗುವ ಸಣ್ಣ ಬಿಳಿ ಚುಕ್ಕೆಯನ್ನು ಮಾತ್ರ ಮುಚ್ಚಬೇಡಿ. ಅದು ಹೋದರೆ ನೋಟ ಸತ್ತ ಹಾಗೆ ಕಾಣುತ್ತದೆ.

ಚಿತ್ರದುರ್ಗದವರು: ನಮ್ಮದು ಹಳೇ ಮಾಳಿಗೆ ಮನೆ. ಮೇಲೆಲ್ಲ ಕಪ್ಪು ತೊಲೆ, ಜಂತಿ. ಛಾವಣಿಗೆ ಫ್ಲ್ಯಾಶ್ ಹೊಡೆದರೆ ಬೆಳಕು ವಾಪಸ್ಸೇ ಬರಲ್ಲ. ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿದೆ, ಕೆಂಪು ಹೋಯಿತು. ಆದರೆ ಮುಖದ ಒಂದು ಕಡೆ ನೆರಳು ಜಾಸ್ತಿ. ಇದಕ್ಕೇನಾದರೂ ದಾರಿ ಇದೆಯಾ?

ಹರಿಹರದವರು: ನೆರಳಿನ ಕಡೆ ಯಾರಾದರೂ ಬಿಳಿ ಪಂಚೆ ಅಗಲವಾಗಿ ಹಿಡಿದು ನಿಂತರೆ ಸ್ವಲ್ಪ ತಿಳಿಯಾಗುತ್ತದೆ. ಗುಂಪು ಫೋಟೋಗೆ ಸಾಲಲ್ಲ.

ಇನ್ನೊಬ್ಬರು, ದಾವಣಗೆರೆ: ನಮ್ಮ ಮಗುವಿನ ಫೋಟೋಗಳಲ್ಲಿ ಒಂದು ಕಣ್ಣು ಕೆಂಪು, ಇನ್ನೊಂದು ಬೆಳ್ಳಗೆ ಹೊಳೆಯುತ್ತದೆ. ಅದಕ್ಕೂ ಕಡುಬೂದು ಹಚ್ಚಿದರೆ ಆಯ್ತಲ್ವಾ?

ಹರಿಹರದವರು: ಬೇಡಮ್ಮ, ಅದನ್ನು ಅಳಿಸಬೇಡಿ. ಕ್ಯಾಮೆರಾಗೆ ಓರೆಯಾಗಿ ನೋಡಿದಾಗಲೂ ಕೆಲವೊಮ್ಮೆ ಹಾಗೆ ಬರುತ್ತದೆ. ಆದರೆ ಮಕ್ಕಳಲ್ಲಿ ಪೊರೆ, ಕಣ್ಣಿನ ಕ್ಯಾನ್ಸರ್ ಇದ್ದರೂ ಪಾಪೆ ಬೆಳ್ಳಗೆ ಕಾಣುತ್ತದೆ. ಫೋಟೋ ನೋಡಿ ಯಾವುದು ಅಂತ ಹೇಳೋಕೆ ಆಗಲ್ಲ. ತಿದ್ದದ ಮೂಲ ಫೋಟೋಗಳನ್ನು ತಗೊಂಡು ಈ ವಾರವೇ ಕಣ್ಣಿನ ಡಾಕ್ಟರಿಗೆ ಮಗುವನ್ನು ತೋರಿಸಿ.