ಪದಚರ್ಚೆ: ‘ಐದು ಸಾಲಿಗೆ ಒಂದು ಸಾಲು’ ಅಂದರೆ ಯಾವ ಸಾಲು?

ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ತರಕಾರಿ ಮಾರುವ ಹೆಣ್ಣುಮಕ್ಕಳ ಚಿಕ್ಕ ಗುಂಪೊಂದಿದೆ. ಅವರಿಗೆ ವಾರಕ್ಕೊಮ್ಮೆ ದರಪಟ್ಟಿ ಪಿಡಿಎಫ್ ಆಗಿ ಬರುತ್ತದೆ. ಅದನ್ನು ಎಕ್ಸೆಲ್‌ಗೆ ತರುವುದು ಹೇಗೆ ಅಂತ ಅರ್ಧ ಪುಟ ಬರೆದುಕೊಡಲು ಕೂತಿದ್ದೇನೆ.

ಪಟ್ಟಿಯಲ್ಲಿ ಐದು ಕಾಲಂ ಇವೆ: ಕ್ರಮ ಸಂಖ್ಯೆ, ಹೆಸರು, ಅಳತೆ, ಕನಿಷ್ಠ ದರ, ಗರಿಷ್ಠ ದರ. ಒಟ್ಟು 48 ತರಕಾರಿ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಎಲ್ಲವೂ ಒಂದೇ ಕಾಲಂನಲ್ಲಿ, ಒಂದರ ಕೆಳಗೊಂದು ಬೀಳುತ್ತದೆ. ನಾನು ಬರೆದದ್ದು ಇಷ್ಟು: ‘ಪ್ರತಿ ಐದು ಸಾಲನ್ನು ಒಂದು ಸಾಲು ಮಾಡಿ.’ ಓದಿದ ಅಕ್ಕ ಒಬ್ಬರು, "ಯಾವ ಸಾಲನ್ನ ಯಾವ ಸಾಲು ಮಾಡ್ಬೇಕು?" ಅಂದರು. ಅವರ ಪ್ರಶ್ನೆ ಸರಿಯಾಗೇ ಇದೆ. ಮೊದಲ ಸಾಲು ಪೇಸ್ಟ್ ಆದ ಬರಹದ್ದು, ಎರಡನೆಯದು ಪಟ್ಟಿಯದ್ದು. ಎರಡಕ್ಕೂ ಬೇರೆ ಬೇರೆ ಪದ ಬೇಕು. ನೀವೆಲ್ಲ ಏನು ಬಳಸುತ್ತೀರಿ?

ಮಂಡ್ಯ

ಮೇಡಂ, ನಮ್ಮ ಕಡೆ ಸಾಲು ಅಂದರೆ ಕಬ್ಬಿನ ಸಾಲು. ಅದು ಉದ್ದಕ್ಕೂ ಇರುತ್ತದೆ, ಅಡ್ಡಕ್ಕೂ ಇರುತ್ತದೆ, ನಿಂತ ಕಡೆಯಿಂದ ನೋಡಿದ ಹಾಗೆ. ಅದಕ್ಕೆ ಪಟ್ಟಿಯದ್ದನ್ನು ‘ಅಡ್ಡಸಾಲು’ ಅಂತಲೇ ಬರೆಯಿರಿ. ಕೆಲಸ ಸುಲಭ. ಗೂಗಲ್ ಶೀಟ್ಸ್‌ನಲ್ಲಿ ಪೇಸ್ಟ್ ಮಾಡಿ, ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ:

```
=WRAPROWS(A1:A240,5)
```

48 ಐದಲ 240. ಐದೈದಾಗಿ ಮುರಿದುಕೊಂಡು ಪಟ್ಟಿ ತಾನೇ ಎದ್ದು ನಿಲ್ಲುತ್ತದೆ.

ಶ್ರೀರಂಗಪಟ್ಟಣ

ಅಂಕಣದ ವಿಚಾರ ಬಂದದ್ದು ಖುಷಿಯಾಯಿತು. ಪತ್ರಿಕೆಗೆ ವಾರಕ್ಕೊಂದು ಬರೆಯುವವರನ್ನು ಅಂಕಣಕಾರ ಅನ್ನುತ್ತೇವಲ್ಲ, ಅದನ್ನೇ ಬಿಟ್ಟು ‘ಕಾಲಂ’ ಅಂತ ಯಾಕೆ ಬರೆಯಬೇಕು? ಅಂಕಣ ಹಳೇ ಮಾತು. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಿದ್ದರು. ನಮ್ಮ ತಾತನ ಮನೆಯನ್ನು ಐದಂಕಣದ ಮನೆ ಅಂತ ಕರೆಯುತ್ತಿದ್ದರು.

ಸರಸ್ವತಿಪುರಂ

ಸರ್, ನಾನು ಕೇಳಿದ್ದು ಪತ್ರಿಕೆಯ ಅಂಕಣ ಅಲ್ಲ. ಆದರೆ ಕಂಬಗಳ ನಡುವಿನ ಜಾಗ ಅನ್ನೋದು ತುಂಬಾ ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ.

ಮಂಡ್ಯದವರ ಸೂತ್ರ ಹಾಕಿ ನೋಡಿದೆ. ಪೇಸ್ಟ್ ಆದದ್ದು 240 ಅಲ್ಲ, 237 ಸಾಲು. ಸೂತ್ರದಲ್ಲಿ 237 ಅಂತ ಬದಲಿಸಿದೆ. ಮೊದಲ 13 ತರಕಾರಿ ಸರಿಯಾಗಿ ಬಂದವು. ಆಮೇಲೆ ಎಲ್ಲ ಜರುಗಿತು. ಕೊನೆಯಲ್ಲಿ ಮೂರು ಕಡೆ `#N/A` ಬಂತು. ಜರುಗಿದ ಜಾಗ ಇದು:

```
14
ಈರನಗೆರೆ ಬದನೆ
ಕೆಜಿ
30
15
ವೀಳ್ಯದೆಲೆ
ಕಟ್ಟು
60
75
```

ಬದನೆಗೆ ಆ ವಾರ ಗರಿಷ್ಠ ದರ ಕೊಟ್ಟಿರಲಿಲ್ಲ. ಹಾಗಾಗಿ ಮುಂದಿನ ಕ್ರಮ ಸಂಖ್ಯೆ 15 ಬಂದು ಅಲ್ಲಿ ಕೂತಿತು. ಕನಿಷ್ಠ 30, ಗರಿಷ್ಠ 15! ಕನಿಷ್ಠಕ್ಕಿಂತ ಗರಿಷ್ಠ ಕಡಿಮೆ ಇದ್ದದ್ದರಿಂದ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ತಪ್ಪು ದರ ಹಾಗೇ ಹೋಗುತ್ತಿತ್ತು.

ಕುವೆಂಪುನಗರ, ಮೈಸೂರು

ಮೂರು ಸಾಲು ಕಡಿಮೆ ಬಂತು ಅಂತ ಪಟ್ಟಿಯಲ್ಲಿ ಮೂರು ಮನೆ, ಅಂದರೆ ಗೆರೆಗಳ ನಡುವಿನ ಮೂರು ಚೌಕ, ಖಾಲಿ ಇವೆ ಅಂತ ಲೆಕ್ಕ ಹಾಕಿಬಿಡಬೇಡಿ. ಪಿಡಿಎಫ್‌ನಲ್ಲೇ ಎಣಿಸಿ ನೋಡಿ. ಉದ್ದದ ಹೆಸರು ಎರಡು ಸಾಲಿಗೆ ಮುರಿದಿದ್ದರೆ ಪೇಸ್ಟ್‌ನಲ್ಲಿ ಒಂದು ಸಾಲು ಹೆಚ್ಚುತ್ತದೆ. ಖಾಲಿ ಮನೆ ಒಂದು ಸಾಲು ಕಡಿಮೆ ಮಾಡುತ್ತದೆ. ಖಾಲಿ ಐದು, ಮುರಿದ ಹೆಸರು ಎರಡು ಇದ್ದರೂ 237 ಬರುತ್ತದೆ. ಇವೆರಡೂ ಸಮ ಇದ್ದರೆ ಸರಿಯಾಗಿ 240 ಬಂದು, ಒಳಗೆ ಮಾತ್ರ ತಪ್ಪಿರುತ್ತದೆ. ಎಣಿಕೆ ಸರಿ ಇದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ.

ಇಂಥ ಪಿಡಿಎಫ್‌ನಲ್ಲಿ ಹೆಚ್ಚಾಗಿ ಪಟ್ಟಿ ಅನ್ನೋದೇ ಇರುವುದಿಲ್ಲ. ‘ಈ ಅಕ್ಷರಗಳನ್ನು ಪುಟದ ಈ ಜಾಗದಲ್ಲಿ ಬರೆ’ ಅನ್ನುವ ಅಪ್ಪಣೆಗಳಿರುತ್ತವೆ. ಗೆರೆ ಎಳೆಯುವ ಅಪ್ಪಣೆಗಳು ಬೇರೆ. ಖಾಲಿ ಮನೆಯಲ್ಲಿ ಬರೆಯೋಕೆ ಏನೂ ಇಲ್ಲ, ಅದಕ್ಕೆ ಅಪ್ಪಣೆಯೂ ಇಲ್ಲ. ಹಾಗಾಗಿ ಕಾಪಿ ಮಾಡಿದಾಗ ಅದರ ಗುರುತೇ ಉಳಿಯುವುದಿಲ್ಲ. ಪೇಸ್ಟ್ ಆದ ಮೇಲೆ ಯಾವ ಸೂತ್ರ ಹಾಕಿದರೂ ಕಳೆದುಹೋದ ಜಾಗ ವಾಪಸ್ ಬರಲ್ಲ. ಜಾಗದ ವಿವರ ಇರುವುದು ಪಿಡಿಎಫ್‌ನಲ್ಲಿ, ಅಲ್ಲಿಂದಲೇ ತೆಗೆಯಬೇಕು.

ಇದಕ್ಕೆ ಟ್ಯಾಬುಲಾ ಅನ್ನುವ ಉಚಿತ ತಂತ್ರಾಂಶ ಇದೆ. ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಕೊಟ್ಟು, ಪಟ್ಟಿಯ ಸುತ್ತ ಮೌಸ್‌ನಿಂದ ಚೌಕ ಎಳೆಯಿರಿ. ತಲೆಬರಹ, ಪುಟಸಂಖ್ಯೆ ಚೌಕದ ಹೊರಗಿರಲಿ. ನಿಮ್ಮ ಪಟ್ಟಿಗೆ ಗೆರೆ ಹೊಡೆದಿದ್ದರೆ `Lattice` ಆರಿಸಿ. ಆಗ ಅದು ಗೆರೆಗಳನ್ನೇ ಗೋಡೆ ಅಂತ ತಿಳಿದು ಮನೆ ಗುರುತಿಸುತ್ತದೆ. ಮನೆ ಖಾಲಿ ಇದ್ದರೆ ಖಾಲಿಯೇ ಬರುತ್ತದೆ. ಎರಡು ಸಾಲಿಗೆ ಮುರಿದ ಹೆಸರೂ ಒಂದೇ ಮನೆಯೊಳಗೆ ಉಳಿಯುತ್ತದೆ. ಗೆರೆ ಇಲ್ಲದಿದ್ದರೆ `Stream`. ಅದು ಬರಹದ ನಡುವಿನ ತೆರವು ನೋಡಿ ಅಂಕಣ ಊಹಿಸುತ್ತದೆ. ಅಲ್ಲಿ ಮುರಿದ ಹೆಸರು ಎರಡು ಅಡ್ಡಸಾಲಾಗಿ ಬರಬಹುದು, ಕೈಯಲ್ಲಿ ಸರಿಮಾಡಬೇಕು. ಆಮೇಲೆ ಸಿಎಸ್‌ವಿ ಆಗಿ ಇಳಿಸಿಕೊಳ್ಳಿ.

ಕಮಾಂಡ್ ಬಳಸುವವರಿಗೆ ಇದೂ ಇದೆ:

```
pdftotext -layout dara.pdf dara.txt
```

ಇದು ತೆರವನ್ನು ಸ್ಪೇಸ್‌ಗಳಾಗಿ ಉಳಿಸುತ್ತದೆ. ಆದರೆ ಒತ್ತು, ಗುಣಿತ ಇರುವ ಕನ್ನಡದ ಹೆಸರು ಮುಗಿದ ಮೇಲೆ ಮುಂದಿನ ಅಂಕಣ ಒಂದೆರಡು ಅಕ್ಷರದಷ್ಟು ಆಚೀಚೆ ಜರುಗಬಹುದು. ಕನ್ನಡದ ಪಟ್ಟಿಗೆ ನಾನು ಟ್ಯಾಬುಲಾವನ್ನೇ ಮೊದಲು ನೋಡುತ್ತೇನೆ.

ಮದ್ದೂರು

ನಂದೂ ಇದೇ ಗೋಳು, ಆದರೆ ಬೇರೆ ತರ. ನಮ್ಮ ಹಳೇ ಪಟ್ಟಿಯಲ್ಲಿ ‘ಕನ್ನಡ’ ಅಂತ ಇರುವುದನ್ನು ಕಾಪಿ ಮಾಡಿದರೆ `PÀ£ÀßqÀ` ಅಂತ ಬರುತ್ತದೆ. ಟ್ಯಾಬುಲಾದಲ್ಲೂ ಹಾಗೇ. ಫೋಟೋ ಹೊಡೆದು ಓಸಿಆರ್ ಮಾಡಿಸೋದೇ ವಾಸಿ ಅಲ್ವಾ?

ಕುವೆಂಪುನಗರ

ಬೇಡ ಸರ್. ನಿಮ್ಮಲ್ಲಿ ಅಕ್ಷರ ಇದೆ, ಸಂಕೇತ ಮಾತ್ರ ಹಳೆಯದು. ಅದು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಬರೆದದ್ದು. ಟ್ಯಾಬುಲಾದಲ್ಲಿ ಮೊದಲು ಅಂಕಣ ಬಿಡಿಸಿಕೊಳ್ಳಿ. ಆಮೇಲೆ ಹೆಸರಿನ ಅಂಕಣವನ್ನಷ್ಟೇ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಅಂಕಿಗಳು ಪಟ್ಟಿಯಲ್ಲಿದ್ದ ಹಾಗೇ ಇರುತ್ತವೆ. ಓಸಿಆರ್ ಆದರೆ ಒಂದೊಂದು 3 ಅನ್ನು 8 ಅಂತ ಓದಬಹುದು, ದರಪಟ್ಟಿಯಲ್ಲಿ ಅದು ಬೇಡವೇ ಬೇಡ. ಮೌಸ್‌ನಿಂದ ಒಂದು ಪದವನ್ನೂ ಆರಿಸಲು ಆಗದ ಪಿಡಿಎಫ್ ಇದ್ದರೆ, ಅದು ಸ್ಕ್ಯಾನ್ ಮಾಡಿದ ಚಿತ್ರ. ಅದರಲ್ಲಿ ಟ್ಯಾಬುಲಾಗೆ ಏನೂ ಸಿಗುವುದಿಲ್ಲ.

ಸರಸ್ವತಿಪುರಂ

ನಮ್ಮ ಪಟ್ಟಿಗೆ ಗೆರೆ ಇತ್ತು. `Lattice` ಹಾಕಿದೆ, 48 ಅಡ್ಡಸಾಲು ಬಂದವು. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಖಾಲಿ ಇದ್ದದ್ದು ನಿಜಕ್ಕೂ ಐದು, ಮುರಿದ ಹೆಸರು ಎರಡು. ಬದನೆಯ ಗರಿಷ್ಠ ಈಗ ಖಾಲಿಯಾಗಿಯೇ ಇದೆ.

ಟಿಪ್ಪಣಿಯಲ್ಲಿ ಬರಹದ್ದಕ್ಕೆ ‘ಸಾಲು’, ಪಟ್ಟಿಯದ್ದಕ್ಕೆ ‘ಅಡ್ಡಸಾಲು’, ಕಾಲಂಗೆ ‘ಅಂಕಣ’ ಅಂತ ಬರೆದಿದ್ದೇನೆ. ಗೆರೆಗಳ ನಡುವಿನ ಚೌಕಕ್ಕೆ ಕುವೆಂಪುನಗರದವರು ಹೇಳಿದ ‘ಮನೆ’ಯನ್ನೇ ಇಟ್ಟೆ. ಚೌಕಾಬಾರ ಆಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಮಂಡ್ಯ

ನನ್ನ ಸೂತ್ರ ಖಾಲಿ ಮನೆಯೂ ಮುರಿದ ಹೆಸರೂ ಇಲ್ಲದ ಪಟ್ಟಿಗೆ ಮಾತ್ರ ಅಂತ ಈಗ ಗೊತ್ತಾಯಿತು. ಆದರೆ ‘ಮನೆ’ಗೆ ನನ್ನ ಒಪ್ಪಿಗೆ ಇಲ್ಲ ಮೇಡಂ. ‘ಮನೆ ಖಾಲಿ ಇದೆ’ ಅಂತ ಬರೆದರೆ ನಮ್ಮೂರಲ್ಲಿ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಪಠ್ಯಪುಸ್ತಕದವರು ‘ಕೋಶ’ ಅನ್ನುತ್ತಾರೆ, ಅದು ಜೀವಕೋಶದ ಹಾಗೆ ಕೇಳಿಸುತ್ತದೆ. ‘ಚೌಕ’ ಆಗಬಹುದಾ?

ಶ್ರೀರಂಗಪಟ್ಟಣ

ಹೆಸರಿನ ಅಂಕಣ ಅಗಲ ಇರುತ್ತದೆ, ಅದು ಚೌಕ ಹೇಗಾಗುತ್ತದೆ? ಐದಂಕಣದ ಮನೆಯಲ್ಲಿ ಒಂದೊಂದು ಜಾಗಕ್ಕೂ ಬೇರೆ ಹೆಸರಿತ್ತು. ನಮ್ಮ ಅತ್ತೆಯನ್ನು ಕೇಳಿ ಬರೆಯುತ್ತೇನೆ.