ಪದಚರ್ಚೆ: ಟ್ರಿಪ್ಟಾನ್ ಮಾತ್ರೆಯ ಹಾಳೆಯಲ್ಲಿ ‘ದಾಳಿಯ ಆರಂಭ’ ಎಂದರೆ ಯಾವ ಗಳಿಗೆ?

ಕೇಳಿದವರು: ಔಷಧಿ ಮಾಹಿತಿ ಹಾಳೆಗಳ ಅನುವಾದಕಿ

ಮಾನ್ಯರೇ,

ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್ ಮಾತ್ರೆಯ ಜೊತೆಗಿಡುವ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮೈಗ್ರೇನ್ ದಾಳಿಯ ಆರಂಭದಲ್ಲಿ ಒಂದು ಮಾತ್ರೆ ತೆಗೆದುಕೊಳ್ಳಿ, ತಲೆನೋವು ಮುಂದುವರಿದರೆ ಎರಡು ಗಂಟೆಗಳ ನಂತರ ಇನ್ನೊಂದು ತೆಗೆದುಕೊಳ್ಳಬಹುದು’ ಎಂದು ಬರೆದಿಟ್ಟಿದ್ದೇನೆ. ಓದಿದ ಇಬ್ಬರು ‘ಆರಂಭ’ ಎಂಬುದನ್ನು ಎರಡು ಬಗೆಯಾಗಿ ತಿಳಿದರು. ಕಣ್ಣ ಮುಂದೆ ಅಂಕುಡೊಂಕು ಗೆರೆಗಳು ಹೊಳೆಯತೊಡಗಿದಾಗಲೇ ಎಂದು ಒಬ್ಬರು, ತಲೆ ಸಿಡಿಯತೊಡಗಿದಾಗ ಎಂದು ಇನ್ನೊಬ್ಬರು. ಆ ಹೊಳೆಯುವ ಗೆರೆಗಳ ಹಂತಕ್ಕೆ ಅಂತರ್ಜಾಲದ ಕೆಲವು ಬರಹಗಳಲ್ಲಿ ‘ಸೆಳವು’ ಎಂಬ ಪದವಿದೆ. ಅದು ಸರಿಯೇ?

ನಿವೃತ್ತ ಕನ್ನಡ ಅಧ್ಯಾಪಕರು

‘ದಾಳಿ’ ಶತ್ರುಗಳದ್ದು, ಕಾಯಿಲೆಗೆ ‘ಬಾಧೆ’ ಎನ್ನುವುದು ನಮ್ಮ ರೂಢಿ. ‘ಸೆಳವು’ ಖಂಡಿತ ಬೇಡ. ಕನ್ನಡದಲ್ಲಿ ಸೆಳವೆಂದರೆ ನೀರಿನ ಸೆಳೆತ, ಇಲ್ಲವೇ ಕೈಕಾಲು ಸೆಟೆದುಕೊಳ್ಳುವುದು. ಓದಿದವರು ಇದನ್ನು ಮೂರ್ಛೆರೋಗವೆಂದೇ ಭಾವಿಸುತ್ತಾರೆ. ‘ಮುನ್ಸೂಚನೆ’ ಎನ್ನಿ. ಆದರೆ ‘ಆರಂಭ’ದಲ್ಲಿ ನನಗೆ ದೋಷ ಕಾಣುವುದಿಲ್ಲ. ಈ ಔಷಧಿ ತಲೆಯ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅವು ಹಿಗ್ಗುವ ಮೊದಲೇ, ಮುನ್ಸೂಚನೆ ಕಂಡೊಡನೆ ನುಂಗುವುದು ಒಳ್ಳೆಯದಲ್ಲವೇ?

ಔಷಧ ವಿಜ್ಞಾನ ಕಲಿಸುವವರು

ಗುರುಗಳು ‘ಸೆಳವಿ’ನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಔಷಧಿಯ ಬಗ್ಗೆ ಹೇಳಿದ್ದು ಅರ್ಧ ಮಾತ್ರ ಸರಿ. ಸುಮಾಟ್ರಿಪ್ಟಾನ್ 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದಾಗ ರಕ್ತನಾಳ ಕುಗ್ಗಿಸುವುದೇ ಅದರ ಮುಖ್ಯ ಕೆಲಸವೆಂದು ತಿಳಿಯಲಾಗಿತ್ತು. ಅದು ಸೆರೊಟೋನಿನ್ನಿನ ಕೆಲವು ಗ್ರಾಹಕಗಳಿಗೆ ಮಾತ್ರ ಅಂಟಿಕೊಳ್ಳುವ ಅಣು. ಅವುಗಳಲ್ಲಿ ಒಂದು ಬಗೆಯವು ಮಿದುಳಿನ ಹೊದಿಕೆಯ ರಕ್ತನಾಳಗಳ ಮೇಲಿದ್ದು, ನಾಳವನ್ನು ಕುಗ್ಗಿಸುತ್ತವೆ. ಇನ್ನೊಂದು ಬಗೆಯವು ಆ ನಾಳಗಳನ್ನು ಸುತ್ತಿರುವ ಟ್ರೈಜೆಮಿನಲ್ ನರದ ತುದಿಗಳ ಮೇಲಿವೆ. ಮೈಗ್ರೇನ್ ಬಂದಾಗ ಈ ತುದಿಗಳು ಸಿಜಿಆರ್‌ಪಿ ಎಂಬ ವಸ್ತುವನ್ನು ಸ್ರವಿಸುತ್ತವೆ, ಅದು ನೋವನ್ನು ಕೆರಳಿಸುತ್ತದೆ. ಟ್ರಿಪ್ಟಾನ್ ಆ ಸ್ರಾವಕ್ಕೆ ತಡೆಯೊಡ್ಡುತ್ತದೆ. ಈಗ ಹೆಚ್ಚಿನ ಮಹತ್ವ ಪಡೆದಿರುವುದು ಈ ಎರಡನೆಯ ಕೆಲಸವೇ.

ಇದರಿಂದ ‘ಯಾವಾಗ’ ಎಂಬ ಪ್ರಶ್ನೆಗೂ ದಾರಿ ಸಿಗುತ್ತದೆ. ಒಬ್ಬರಿಗೆ ನಾಲ್ಕು ಗಂಟೆಗೆ ಗೆರೆಗಳು ಹೊಳೆಯತೊಡಗಿ, ನಾಲ್ಕೂವರೆಗೆ ಅವು ಅಳಿದು, ಹಣೆಯ ಒಂದು ಪಕ್ಕದಲ್ಲಿ ಸಣ್ಣಗೆ ಮಿಡಿತ ಶುರುವಾಯಿತು ಎಂದುಕೊಳ್ಳೋಣ. ನಾಲ್ಕಕ್ಕೇ ನುಂಗಿದರೆ ಅಪಾಯವೆಂದಲ್ಲ, ಆದರೆ ಮುಂದೆ ಬರುವ ತಲೆನೋವನ್ನು ಅದು ತಡೆಯುತ್ತದೆಂಬ ಭರವಸೆಯಿಲ್ಲ. ನುಂಗಬೇಕಾದದ್ದು ನಾಲ್ಕೂವರೆಗೆ, ನೋವು ಇನ್ನೂ ಸಣ್ಣದಿರುವಾಗ. ‘ತಡೆದುಕೊಳ್ಳೋಣ’ ಎಂದು ಆರೂವರೆಯವರೆಗೆ ಕಾದರೆ, ಅಷ್ಟರಲ್ಲಿ ಮಿದುಳಿನೊಳಗಿನ ನರಕೋಶಗಳೇ ಕೆರಳಿ ನೋವನ್ನು ತಾವಾಗಿ ಮುಂದುವರಿಸುತ್ತಿರಬಹುದು. ಹೊರಗಿನ ನರತುದಿಗಳನ್ನು ಸುಮ್ಮನಾಗಿಸಿದರೂ ಆಗ ಫಲ ಕಡಿಮೆ. ಸಾಲದ್ದಕ್ಕೆ ಮೈಗ್ರೇನ್ ವೇಳೆಯಲ್ಲಿ ಹೊಟ್ಟೆಯ ಚಲನೆ ನಿಧಾನವಾಗುವುದರಿಂದ ಮಾತ್ರೆ ರಕ್ತಕ್ಕೆ ಸೇರುವುದೂ ತಡವಾಗುತ್ತದೆ. ಆದ್ದರಿಂದ ‘ದಾಳಿಯ ಆರಂಭ’ ಬೇಡ, ‘ತಲೆನೋವು ಶುರುವಾದೊಡನೆ’ ಎಂದು ಬರೆಯಿರಿ.

ಮೈಗ್ರೇನ್ ಇರುವ ಒಬ್ಬ ಓದುಗರು

ನನ್ನ ಅನುಭವವನ್ನು ಹೇಳಿದರೆ ಪದದ ಆಯ್ಕೆಗೆ ನೆರವಾದೀತು. ನನಗೆ ನೋವು ಏರಿದ ಮೇಲೆ ಕೂದಲಿಗೆ ಬಾಚಣಿಗೆ ತಗುಲಿದರೂ ನೋಯುತ್ತದೆ, ಕನ್ನಡಕದ ಕಡ್ಡಿಯನ್ನೂ ಸಹಿಸಲಾಗುವುದಿಲ್ಲ. ಆ ಹಂತದಲ್ಲಿ ನುಂಗಿದ ಮಾತ್ರೆ ಕೆಲಸ ಮಾಡಿದ್ದು ಬಹಳ ಕಡಿಮೆ. ಕೆಲವು ಸಲ ವಾಂತಿಯಲ್ಲಿ ಹೊರಗೇ ಬಂದಿದೆ. ‘ನೋವು ಜೋರಾದಾಗ ಮಾತ್ರ’ ಎಂದು ಯಾರೋ ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ಹೀಗೆ ಕಾದೆ. ಇನ್ನೊಂದು ವಿಷಯ: ಮೊದಲ ಸಲ ನುಂಗಿದ ಅರ್ಧ ಗಂಟೆಯೊಳಗೆ ಕುತ್ತಿಗೆ, ದವಡೆ, ಎದೆ ಬಿಗಿದಂತಾಗಿ ಹೃದಯಾಘಾತವೆಂದು ಹೆದರಿದೆ. ಹಾಳೆಯಲ್ಲಿ ‘ಎದೆನೋವು’ ಎಂದಷ್ಟೇ ಇತ್ತು.

ಔಷಧ ವಿಜ್ಞಾನ ಕಲಿಸುವವರು

ನೀವು ಬಾಚಣಿಗೆಯ ಬಗ್ಗೆ ಹೇಳಿದ ಮಾತು ನಾನು ಹೇಳಿದ ಕೆರಳಿದ ನರಕೋಶಗಳದ್ದೇ ಗುರುತು. ಅದು ಕಾಣಿಸಿಕೊಂಡಿತೆಂದರೆ ಒಳ್ಳೆಯ ಸಮಯ ಬಹುಪಾಲು ಕಳೆದಿದೆ ಎಂದರ್ಥ. ಹಾಳೆಯಲ್ಲಿ ಅದನ್ನು ಇದೇ ಮಾತಿನಲ್ಲಿ ಬರೆದರೆ ಯಾವ ಪಾರಿಭಾಷಿಕ ಪದವೂ ಬೇಡ. ವಾಂತಿ ಬೇಗ ಬರುವವರಿಗೆ ಮೂಗಿಗೆ ಸಿಂಪಡಿಸುವ ರೂಪವೂ ಚರ್ಮದಡಿಯ ಚುಚ್ಚುಮದ್ದೂ ಇವೆ.

ಎದೆಯ ವಿಚಾರದಲ್ಲಿ ಅನುವಾದ ಬಹಳ ಎಚ್ಚರದಿಂದಾಗಬೇಕು. ಟ್ರಿಪ್ಟಾನ್ ತೆಗೆದುಕೊಂಡವರಲ್ಲಿ ಮೈ ಬೆಚ್ಚಗಾಗುವುದು, ಬೆರಳು ಜುಮ್ಮೆನ್ನುವುದು, ತಲೆ ಸುತ್ತುವುದು, ತೂಕಡಿಕೆ, ಎದೆ ಮತ್ತು ಗಂಟಲಲ್ಲಿ ಭಾರ ಅಥವಾ ಬಿಗಿತ ಸಾಮಾನ್ಯವಾಗಿ ಕಾಣುತ್ತವೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತವೆ. ಹೆಚ್ಚಿನವರಲ್ಲಿ ಈ ಬಿಗಿತ ಹೃದಯದ್ದಲ್ಲ. ಆದರೂ ಈ ಔಷಧಿ ಹೃದಯದ ರಕ್ತನಾಳಗಳನ್ನೂ ಸ್ವಲ್ಪ ಕುಗ್ಗಿಸಬಲ್ಲದು. ಆದ್ದರಿಂದಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡದವರಿಗೆ ಇದನ್ನು ಕೊಡುವುದಿಲ್ಲ. ಹೀಗಾಗಿ ‘ಬಿಗಿದಂತಾಗುವುದು ಸಾಮಾನ್ಯ’ ಎಂಬ ಒಂದು ವಾಕ್ಯ, ‘ಬಿಗಿತ ತೀವ್ರವಾಗಿದ್ದರೆ ಅಥವಾ ಇಳಿಯದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಅಲ್ಲಿಯವರೆಗೆ ಮತ್ತೆ ನುಂಗಬೇಡಿ’ ಎಂಬ ಇನ್ನೊಂದು ವಾಕ್ಯ, ಎರಡೂ ಇರಲಿ.

ಇನ್ನೊಬ್ಬ ಸದಸ್ಯರು

ಇಷ್ಟು ಬೇಗ ನುಂಗಬೇಕೆಂದಾದರೆ, ದಿನವೂ ಬೆಳಿಗ್ಗೆ ಒಂದು ತೆಗೆದುಕೊಂಡು ಮೈಗ್ರೇನ್ ಬರದಂತೆಯೇ ನೋಡಿಕೊಳ್ಳಬಹುದಲ್ಲವೇ? ಪ್ರಶ್ನೆ ಅದೇ ಎಂದುಕೊಂಡೆ.

ಔಷಧ ವಿಜ್ಞಾನ ಕಲಿಸುವವರು

ಪ್ರಶ್ನೆ ಅದಲ್ಲ, ಆದರೆ ಹಾಳೆ ಓದಿದವರಲ್ಲಿ ಈ ತಪ್ಪು ಹುಟ್ಟಬಹುದೆಂದು ತೋರಿಸಿಕೊಟ್ಟಿರಿ. ಇದು ಬಂದ ನೋವನ್ನು ಇಳಿಸುವ ಔಷಧಿ. ಬಾರದಂತೆ ದಿನವೂ ತೆಗೆದುಕೊಳ್ಳುವ ಔಷಧಿಗಳು ಬೇರೆ. ತಿಂಗಳಿಗೆ 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಟ್ರಿಪ್ಟಾನ್ ನುಂಗುತ್ತಿದ್ದರೆ ಅದರಿಂದಲೇ ತಲೆನೋವು ಹೆಚ್ಚುವುದುಂಟು. ‘ಮುನ್ನೆಚ್ಚರಿಕೆಗಾಗಿ’, ‘ತಡೆಗಟ್ಟಲು’ ಎಂಬ ಪದಗಳು ಹಾಳೆಯ ಎಲ್ಲಿಯೂ ಸುಳಿಯಬಾರದು.

ಎರಡನೆಯ ಮಾತ್ರೆಯ ವಾಕ್ಯವನ್ನೂ ತಿದ್ದಬೇಕು. ನಿಮ್ಮ ‘ಮುಂದುವರಿದರೆ’ ಎಂಬುದು ಮೊದಲ ಮಾತ್ರೆಗೆ ನೋವು ಇಳಿಯದಿದ್ದ ಸಂದರ್ಭವನ್ನು ಹೇಳುತ್ತದೆ. ಹಾಳೆಯ ಮುಖ್ಯ ಉದ್ದೇಶ ಇಳಿದ ನೋವು ಮತ್ತೆ ಬಂದ ಸಂದರ್ಭ. ಎರಡು ಗಂಟೆಯ ಅಂತರವೂ ಸುಮಾಟ್ರಿಪ್ಟಾನ್‌ಗೆ ಸೇರಿದ್ದು. ಅದೇ ಗುಂಪಿನ ನರಾಟ್ರಿಪ್ಟಾನ್‌ಗೆ ಅದು ನಾಲ್ಕು ಗಂಟೆ.

ಅನುವಾದಕಿ

ಎಲ್ಲರಿಗೂ ಕೃತಜ್ಞತೆಗಳು. ಈಗ ಹೀಗೆ ತಿದ್ದಿದ್ದೇನೆ: ‘ತಲೆನೋವು ಶುರುವಾದೊಡನೆ, ಅದು ಇನ್ನೂ ಸಣ್ಣದಿರುವಾಗಲೇ ಒಂದು ಮಾತ್ರೆ ನುಂಗಿರಿ. ನೋವು ಇಳಿದು ಮತ್ತೆ ಬಂದರೆ, ಮೊದಲ ಮಾತ್ರೆಯಿಂದ ಕನಿಷ್ಠ ಎರಡು ಗಂಟೆ ಕಳೆದ ಮೇಲೆ ಇನ್ನೊಂದನ್ನು ನುಂಗಬಹುದು.’

ಎರಡು ಸಂದೇಹ ಉಳಿದಿವೆ. ಮೊದಲ ಮಾತ್ರೆಗೆ ನೋವು ಇಳಿಯಲೇ ಇಲ್ಲವಾದರೆ ಅದೇ ಸಲಕ್ಕೆ ಎರಡನೆಯದು ಬೇಡವೆಂದು ಯುರೋಪಿನ ಹಾಳೆ ಹೇಳುತ್ತದೆ, ಅಮೆರಿಕದ್ದು ಅಷ್ಟು ಕಟ್ಟುನಿಟ್ಟಾಗಿಲ್ಲ; ನಾನು ಯಾವ ಮೂಲವನ್ನು ಅನುಸರಿಸಬೇಕೆಂದು ಕೆಲಸ ಕೊಟ್ಟವರನ್ನೇ ಕೇಳುತ್ತೇನೆ. ಇನ್ನು ‘ಮುನ್ಸೂಚನೆ’ ಎಂದರೆ ಹಿಂದಿನ ದಿನ ಬರುವ ಆಕಳಿಕೆ, ಸಿಡುಕುತನವೂ ಅದರೊಳಗೆ ಸೇರಿಬಿಡುತ್ತದೆ. ಹೊಳೆಯುವ ಗೆರೆಗಳ ಹಂತಕ್ಕೆ ಮಾತ್ರ ಸಲ್ಲುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.

ನಿವೃತ್ತ ಕನ್ನಡ ಅಧ್ಯಾಪಕರು

‘ಕಣ್‌ಮಿಂಚು’ ಎಂದರೆ ಹೇಗೆ? ಕೆಲವರಿಗೆ ಮಿಂಚು ಕಾಣದೆ ಬರಿಯ ಜೋಮು ಹಿಡಿಯುತ್ತದೆ ಎಂದಾದರೆ ಇದೂ ಸಾಲದು.