ಟಿಎಂಎಸ್ ಶುರು ಮಾಡುವ ಮುನ್ನ: ಬಾಗಲಕೋಟೆಯಿಂದ ಒಂದು ಪ್ರಶ್ನೆ

ಪ್ರಶ್ನೆ (ಮನೋವೈದ್ಯೆ, ಬಾಗಲಕೋಟೆ): ಸರ್, ನಮ್ಮಲ್ಲಿ ಟಿಎಂಎಸ್, ಅಂದರೆ ಕಾಂತೀಯ ಬಡಿತಗಳಿಂದ ಮಿದುಳನ್ನು ಪ್ರಚೋದಿಸಿ ಖಿನ್ನತೆಗೆ ಚಿಕಿತ್ಸೆ ಕೊಡುವ ಯಂತ್ರ ಬಂದಿದೆ. ಮೊದಲ ರೋಗಿ ಬನಹಟ್ಟಿಯ ಪವರ್‌ಲೂಮ್ ನೇಕಾರರು, ವಯಸ್ಸು 46. ಎರಡು ಔಷಧಿಗೂ ಖಿನ್ನತೆ ಇಳಿದಿಲ್ಲ. ಎಸಿಟಾಲೋಪ್ರಾಮ್ 20 ಮಿ.ಗ್ರಾಂ ಎರಡು ತಿಂಗಳು, ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ ಒಂದು ವರ್ಷ. ರಾತ್ರಿ ಕ್ಲೊನಾಜೆಪಾಮ್ ಇದೆ. ಫಿಟ್ಸ್ ಬಂದಿಲ್ಲ ಅಂತಾರೆ. ಶುರು ಮಾಡಬಹುದಾ?

ಹಿರಿಯ ಮನೋವೈದ್ಯ, ಬೆಳಗಾವಿ: ಈಗಲೇ ಬೇಡ ಮೇಡಂ. ಅಮಿಟ್ರಿಪ್ಟಿಲಿನ್ 25 ಅಂದರೆ ನಿದ್ದೆಗೋ ನೋವಿಗೋ ಕೊಡುವ ಡೋಸ್. ಅದನ್ನು ಖಿನ್ನತೆಯ ಔಷಧಿ ಸೋತ ಲೆಕ್ಕಕ್ಕೆ ಹಿಡಿಯಬೇಡಿ. ಸರಿಯಾದ ಡೋಸ್‌ನಲ್ಲಿ ಇನ್ನೊಂದು ಔಷಧಿಯನ್ನು ಆರೆಂಟು ವಾರ ಕೊಟ್ಟು ನೋಡಿ. ಥೈರಾಯ್ಡ್ ನೋಡಿ, ಕುಡಿತ ಕೇಳಿ. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಹುಮ್ಮಸ್ಸಿನಲ್ಲಿ ಓಡಾಡಿದ್ದರಾ ಅಂತ ಮನೆಯವರನ್ನು ಕೇಳಿ. ವಾರಕ್ಕೆ 5 ದಿನ, ನಾಲ್ಕರಿಂದ ಆರು ವಾರ ಬನಹಟ್ಟಿಯಿಂದ ಬಂದು ಹೋಗುವುದು ಅವರಿಂದ ಆಗುತ್ತಾ? ಆಯ್ಕೆ ಮಾಡುವಾಗ ಇದನ್ನೂ ಕೇಳಲೇಬೇಕು.

ಇನ್ನು ಫಿಟ್ಸ್ ವಿಷಯ. "ಫಿಟ್ಸ್ ಬಂದಿತ್ತಾ?" ಅಂದರೆ ನಮ್ಮ ಕಡೆ ಯಾರೂ ಹೌದು ಅನ್ನಲ್ಲ. ಮಗಳ ಮದುವೆ ನೆನಪಾಗುತ್ತೆ. ನಾನು ಹೀಗೆ ಕೇಳುತ್ತೇನೆ: ಎಚ್ಚರ ತಪ್ಪಿ ಬಿದ್ದಿದ್ರಾ? ನಾಲಿಗೆ ಕಚ್ಚಿಕೊಂಡಿದ್ರಾ? ಯಾರಾದರೂ ಮೂಗಿಗೆ ಈರುಳ್ಳಿ ಹಿಡಿದು, ಕೈಗೆ ಬೀಗದ ಕೈ ಕೊಟ್ಟಿದ್ರಾ? ಈ ಕೊನೆಯ ಪ್ರಶ್ನೆಗೆ ಎಷ್ಟೋ ಸಲ ಹೆಂಡತಿ ಬಾಯಿ ಬಿಡುತ್ತಾರೆ.

ಕಿರಿಯ ವೈದ್ಯ, ವಿಜಯಪುರ: ಲೋಹದ ಬಗ್ಗೆಯೂ ಹೇಳಿ ಸರ್. ಮೈಯಲ್ಲಿ ಎಲ್ಲೇ ಲೋಹ ಇದ್ದರೂ ಟಿಎಂಎಸ್ ಬೇಡ ಅಲ್ವಾ? ಕಾಲಿಗೆ ರಾಡ್ ಹಾಕಿಸಿಕೊಂಡ ಒಬ್ಬರನ್ನು ನಾವು ವಾಪಸ್ ಕಳಿಸಿದೆವು.

ಹಿರಿಯ ಮನೋವೈದ್ಯ: ಕಳಿಸಬೇಕಾಗಿರಲಿಲ್ಲ. ಕಾಲಿನ ರಾಡ್, ಹಲ್ಲಿನ ಫಿಲ್ಲಿಂಗ್ ತೊಂದರೆಯಲ್ಲ. ತಲೆಗೆ ಹಿಡಿಯುವ ಕಾಯಿಲ್‌ನಿಂದ ಸುಮಾರು 30 ಸೆಂಟಿಮೀಟರ್ ಒಳಗೆ ಏನಿದೆ ಅನ್ನುವುದು ಮುಖ್ಯ. ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿನಲ್ಲಿ ಉಳಿದ ಕಬ್ಬಿಣದ ಚೂರು, ಇವುಗಳಿಗೆ ಹೆದರಬೇಕು. ಪೇಸ್‌ಮೇಕರ್ ಇದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಮುಟ್ಟಬೇಡಿ.

ನನ್ನ ಒಬ್ಬ ರೋಗಿ ಉದ್ಯಮಬಾಗದ ಫೌಂಡ್ರಿಯಲ್ಲಿ ಗ್ರೈಂಡಿಂಗ್ ಮಾಡುವವರು. ಲೋಹ ಇಲ್ಲ ಅಂತ ಬರೆದುಕೊಟ್ಟಿದ್ದರು. ಕೆಲಸ ಏನು ಅಂತ ಕೇಳಿದ ಮೇಲೆ ಕಣ್ಣಿಗೆ ಕಿಡಿ ಹಾರಿದ್ದು ನೆನಪಾಯಿತು. ಎಕ್ಸ್‌ರೇ ಮಾಡಿಸಿ, ಏನೂ ಇಲ್ಲ ಅಂತ ಖಾತ್ರಿಯಾದ ಮೇಲೇ ಕಾಯಿಲ್ ಹಿಡಿದೆವು.

ಮೊದಲ ದಿನ ಬಹುಪಾಲು ಥ್ರೆಶೋಲ್ಡ್ ಹುಡುಕುವುದೇ ಕೆಲಸ. ತಲೆಯ ಎಡಭಾಗದಲ್ಲಿ ಕಾಯಿಲ್ ಇಟ್ಟು, ಬಲ ಹೆಬ್ಬೆರಳು 10 ಬಡಿತಕ್ಕೆ 5 ಸಲ ಕುಣಿಯುವ ಅತಿ ಕಡಿಮೆ ಶಕ್ತಿ ಯಾವುದು ಅಂತ ನೋಡಿದೆವು. ಅವರಿಗೆ ಯಂತ್ರದ ಪೂರ್ಣ ಶಕ್ತಿಯ 50 ಪರ್ಸೆಂಟ್‌ಗೆ ಕುಣಿಯಿತು. ಚಿಕಿತ್ಸೆ ಅದರ 120 ಪರ್ಸೆಂಟ್, ಅಂದರೆ 60. ನಂತರ ಕಾಯಿಲನ್ನು ಮುಂದೆ ಸರಿಸಿ, ಹಣೆಯ ಹಿಂಭಾಗದ ಜಾಗಕ್ಕೆ 10 ಹರ್ಟ್ಸ್‌ನಲ್ಲಿ 4 ಸೆಕೆಂಡ್ ಬಡಿತ, 26 ಸೆಕೆಂಡ್ ಬಿಡುವು. 3000 ಬಡಿತಕ್ಕೆ 37 ನಿಮಿಷದ ಮೇಲಾಗುತ್ತೆ. ನೆತ್ತಿ ನೋಯುತ್ತೆ ಅಂದದ್ದಕ್ಕೆ ಮೊದಲ ಕೆಲವು ದಿನ ಕಡಿಮೆ ಶಕ್ತಿಯಲ್ಲಿ ಶುರು ಮಾಡಿ 60ಕ್ಕೆ ಏರಿಸಿದೆವು. ಕಿವಿಗೆ ಇಯರ್‌ಪ್ಲಗ್ ಅವರಿಗೂ ಬೇಕು, ಯಂತ್ರ ನಡೆಸುವವರಿಗೂ ಬೇಕು.

12ನೇ ದಿನ ನಗುತ್ತಾ ಬಂದರು. "ಆರಾಮ ಐತ್ರಿ ಸಾಹೇಬ್ರ, ಮೊನ್ನೆಯಿಂದ ರಾತ್ರಿ ಮಾತ್ರೆ ಬಿಟ್ಟೀನಿ. ನಿನ್ನೆ ಜಾತ್ರ್ಯಾಗ ನಿದ್ದಿ ಮಾಡಿಲ್ಲ" ಅಂದರು. ಆ ಮಾತ್ರೆಯೇ ಕ್ಲೊನಾಜೆಪಾಮ್!

ಕಿರಿಯ ವೈದ್ಯ: ಥ್ರೆಶೋಲ್ಡ್ ಮತ್ತೆ ನೋಡಿ, ಅಷ್ಟೇ ಬಂದರೆ ಕೊಡಬಹುದಲ್ಲ?

ಹಿರಿಯ ಮನೋವೈದ್ಯ: ನೋಡಿದೆವು, 50ಕ್ಕೇ ಬಂತು. ಆದರೂ ಕೊಡಲಿಲ್ಲ. ಕ್ಲೊನಾಜೆಪಾಮ್ ದಿಢೀರ್ ಬಿಟ್ಟರೆ ಥ್ರೆಶೋಲ್ಡ್ ಬದಲಾಗಲೇಬೇಕು ಅಂತಿಲ್ಲ. ಅದು ಹಾಗೇ ಇದ್ದರೂ ಫಿಟ್ಸ್ ಅಪಾಯ ಜಾಸ್ತಿಯಾಗಿರುತ್ತೆ. ಮೇಲೆ ನಿದ್ದೆಗೆಟ್ಟಿದ್ದರು. ಮಾತ್ರೆ ಮತ್ತೆ ಶುರು ಮಾಡಿ, ಎರಡು ರಾತ್ರಿ ನಿದ್ದೆಯಾದ ಮೇಲೆ ಮುಂದುವರಿಸಿದೆವು. ಈಗ ದಿನಾ ಕಾಯಿಲ್ ಇಡುವ ಮೊದಲು ಮೂರು ಪ್ರಶ್ನೆ: ನಿದ್ದೆ, ಮಾತ್ರೆ, ಕುಡಿತ.

ಒಬ್ಬ ಸದಸ್ಯರು, ಜಮಖಂಡಿ: ನಮ್ಮ ಅವ್ವ ಊಟ ಬಿಟ್ಟು ವಾರ ಆಯ್ತ್ರೀ. ಸಾಯ್ತೀನಿ ಅಂತಾಳ. ಈ ಶಾಕ್ ಕೊಡಿಸಲಾ?

ಹಿರಿಯ ಮನೋವೈದ್ಯ: ಇದು ಶಾಕ್ ಅಲ್ಲರೀ. ಅರಿವಳಿಕೆ ಇಲ್ಲ, ಎಚ್ಚರದಲ್ಲೇ ಕೂತಿರ್ತಾರೆ, ಗುಣ ಕಾಣಲು ವಾರಗಳು ಬೇಕು. ಅವ್ವನಿಗೆ ಅಷ್ಟು ಕಾಯುವ ಸಮಯವಿಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ಅವರಿಗೆ ಅರಿವಳಿಕೆ ಕೊಟ್ಟು ಮಾಡುವ ಶಾಕ್ ಚಿಕಿತ್ಸೆ, ಅಂದರೆ ಇಸಿಟಿಯೇ ಬೇಕಾಗಬಹುದು, ಅಲ್ಲಿನ ವೈದ್ಯರು ನೋಡಿ ಹೇಳ್ತಾರೆ.

ಮನೋವೈದ್ಯೆ, ಬಾಗಲಕೋಟೆ: ಔಷಧಿ ಬದಲಿಸುತ್ತೇನೆ ಸರ್. ಕ್ಲೊನಾಜೆಪಾಮ್ ಇದ್ದರೆ ಟಿಎಂಎಸ್ ಗುಣ ಕಡಿಮೆ ಅಂತ ಓದಿದ್ದೆ. ಮೊದಲೇ ನಿಧಾನವಾಗಿ ಇಳಿಸಿಬಿಡಲಾ?

ಹಿರಿಯ ಮನೋವೈದ್ಯ: ಈಗ ನಾನು ಇಳಿಸಿ, ಕೆಲವು ವಾರ ಬಿಟ್ಟು ಶುರು ಮಾಡುತ್ತೇನೆ. ನನ್ನ ಜೊತೆಯವರೇ ಒಬ್ಬರು ಇದ್ದ ಡೋಸನ್ನು ಕೊನೆಯವರೆಗೆ ಕದಲಿಸಲ್ಲ. ನಾವಿಬ್ಬರೂ ಇನ್ನೂ ಜಗಳ ಆಡ್ತಾ ಇದ್ದೇವೆ.